ಮೆತ್ತಗಿದ್ದರೆ ಸಾಕಾ? ದಿನವಿಡೀ ನಿಲ್ಲುವವರಿಗೆ ಯಾವ ಇನ್ಸೋಲ್

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್, ವಯಸ್ಸು 46. ದಿನಕ್ಕೆ ಐದಾರು ಪೀರಿಯಡ್ ನಿಂತೇ ಪಾಠ ಮಾಡ್ತೀನಿ. ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟ ತಕ್ಷಣ ಬಲಗಾಲಿನ ಹಿಮ್ಮಡಿ ಮುಳ್ಳು ಚುಚ್ಚಿದ ಹಾಗೆ ನೋಯುತ್ತದೆ. ನಮ್ಮ ಯಜಮಾನರದ್ದು ಕಿರಾಣಿ ಅಂಗಡಿ. ಅವರಿಗೆ ಬೆಳಿಗ್ಗೆ ಏನೂ ಇರಲ್ಲ, ಸಂಜೆ ಹೊತ್ತಿಗೆ ಎರಡೂ ಹಿಮ್ಮಡಿ ನೋವು. ಆನ್‌ಲೈನ್‌ನಲ್ಲಿ ಮೆಮೊರಿ ಫೋಮ್ ಇನ್ಸೋಲ್ ಎರಡು ಜೊತೆ ತರಿಸಿದೆ. ನನಗೆ ಮೊದಲ ವಾರ ಹಾಯಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಅವರಂತೂ ಅಂಗಡಿಯೊಳಗೆ ಚಪ್ಪಲಿನೇ ಹಾಕಲ್ಲ. ಜೆಲ್ ತಗೊಳ್ಳಬೇಕಾ, ಆರ್ಚ್ ಸಪೋರ್ಟ್ ಇರೋದು ತಗೊಳ್ಳಬೇಕಾ?

ಉತ್ತರ:

ಮೇಡಂ, ನಿಮಗೂ ನಿಮ್ಮ ಯಜಮಾನರಿಗೂ ನೋವು ಹಿಮ್ಮಡಿಯಲ್ಲೇ ಇದ್ದರೂ ಎರಡೂ ಒಂದೇ ನೋವಲ್ಲ ಅಂತ ನನಗನ್ನಿಸುತ್ತದೆ. ಅದಕ್ಕೇ ಒಂದೇ ಡಬ್ಬಿಯ ಎರಡು ಜೊತೆ ಇನ್ಸೋಲ್ ಇಬ್ಬರಿಗೂ ಆಗಿಬರಲಿಲ್ಲ. ನಾನು ಪಾದದ ಅಳತೆ ತೆಗೆದು ಇನ್ಸೋಲ್ ಮಾಡಿಕೊಡುವ ಕೆಲಸದವನು. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಕೈಯಲ್ಲಿ ಹಳೇ ಮೆಮೊರಿ ಫೋಮ್ ಹಿಡಿದುಕೊಂಡೇ ಬರುತ್ತಾರೆ. ಅದನ್ನು ತಿರುಗಿಸಿ ಬೆಳಕಿಗೆ ಹಿಡಿದರೆ ಕಥೆಯೆಲ್ಲ ಅದರಲ್ಲೇ ಇರುತ್ತದೆ: ಹಿಮ್ಮಡಿ ಕೂರುವ ಜಾಗ ಹಪ್ಪಳದ ಹಾಗೆ ತೆಳುವಾಗಿರುತ್ತದೆ, ಅಂಗಾಲಿನ ಕಮಾನಿನ ಕೆಳಗಿನ ಭಾಗ ಮಾತ್ರ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಉಬ್ಬಿಕೊಂಡಿರುತ್ತದೆ. ಅಂದರೆ ಭಾರ ಬಿದ್ದ ಕಡೆ ಫೋಮ್ ಸೋತಿದೆ, ಭಾರ ಹಂಚಿಕೊಳ್ಳಬೇಕಾದ ಕಡೆ ಅದು ಕೆಲಸವನ್ನೇ ಮಾಡಿಲ್ಲ.

ಇದು ಯಾಕೆ ಹೀಗಾಗುತ್ತದೆ ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಇದು ಅರ್ಥವಾದರೆ ಮುಂದೆ ಯಾವ ಇನ್ಸೋಲ್ ನೋಡಿದರೂ ನೀವೇ ಅಂದಾಜು ಮಾಡಬಹುದು.

ಬರಿಗಾಲಲ್ಲಿ ಸುಮ್ನೆ ನಿಂತಾಗ ಪಾದದ ಮೇಲೆ ಬೀಳುವ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಹಿಮ್ಮಡಿಯ ಮೇಲಿರುತ್ತದೆ, ಮುಂಗಾಲಿನ ಮೇಲೆ 28ರಷ್ಟು, ನಡುಪಾದದ ಮೇಲೆ ಬರೀ 8ರಷ್ಟು. ಉಳಿದ ಚೂರು ಬೆರಳುಗಳಿಗೆ. ನಿಮ್ಮ ತೂಕ 60 ಕೆಜಿ ಅಂದುಕೊಳ್ಳಿ. ಒಂದೊಂದು ಕಾಲಿಗೆ 30 ಕೆಜಿ, ಅದರಲ್ಲಿ ಹಿಮ್ಮಡಿ ಒಂದಕ್ಕೇ ಹತ್ತಿರ ಹತ್ತಿರ 18 ಕೆಜಿ. ಒಂದು ಸಣ್ಣ ನಿಂಬೆಹಣ್ಣಿನ ಅಗಲದ ಜಾಗದ ಮೇಲೆ ಅಷ್ಟು ಭಾರ, ಗಂಟೆಗಟ್ಟಲೆ.

ಮೆತ್ತೆ ಎಂಬುದು ಪೆಟ್ಟು ತಡೆಯುವುದಕ್ಕೆ ಇರುವುದು. ನಡೆಯುವಾಗ, ಓಡುವಾಗ ಹಿಮ್ಮಡಿ ನೆಲಕ್ಕೆ ಬಡಿಯುತ್ತದೆ, ಆಗ ಮೆತ್ತೆ ಕುಗ್ಗಿ ಮತ್ತೆ ಎದ್ದುಕೊಳ್ಳುತ್ತದೆ. ನಿಂತಲ್ಲೇ ನಿಂತಾಗ ಪೆಟ್ಟಿಲ್ಲ, ಬರೀ ಭಾರ. ಮೆತ್ತೆ ಒಮ್ಮೆ ಕುಗ್ಗಿತು ಅಂದರೆ ಅಲ್ಲೇ ಕೂತುಬಿಡುತ್ತದೆ, ಎದ್ದುಕೊಳ್ಳುವುದಕ್ಕೆ ಅದಕ್ಕೆ ಪುರುಸೊತ್ತೇ ಇಲ್ಲ. ಮೆಮೊರಿ ಫೋಮ್ ಬಿಸಿಗೆ ಇನ್ನೂ ಮೆತ್ತಗಾಗುವ ಸ್ವಭಾವದ್ದು. ಕಾಲಿನ ಶಾಖ ತಾಗಿ ತಾಗಿ, ಮೂರನೇ ಪೀರಿಯಡ್ ಹೊತ್ತಿಗೆ ನೀವು ನಿಂತಿರುವುದು ಫೋಮ್ ಮೇಲಲ್ಲ, ಶೂವಿನ ಅಟ್ಟೆಯ ಮೇಲೆ. ಅಂಗಡಿಯಲ್ಲಿ ಕಾಲಿಟ್ಟು ನೋಡಿದ ಅರ್ಧ ನಿಮಿಷದಲ್ಲಿ ಸಿಗುವ ಹಾಯಿ ಇದೆಯಲ್ಲ, ಅದನ್ನು ನಂಬಿ ದುಡ್ಡು ಕೊಡಬೇಡಿ.

ಆರ್ಚ್ ಸಪೋರ್ಟ್ ಮಾಡುವ ಕೆಲಸ ಬೇರೆ. ಅದು ಸ್ವಲ್ಪ ಗಟ್ಟಿಯಾಗಿದ್ದು, ಖಾಲಿ ಇರುವ ಕಮಾನಿನ ಕೆಳಗೆ ಎದ್ದು ನಿಂತು, 8 ಪಾಲು ಹೊರುತ್ತಿದ್ದ ನಡುಪಾದಕ್ಕೆ ಇನ್ನಷ್ಟು ಭಾರ ಹೊರಿಸುತ್ತದೆ. ಅಷ್ಟು ಭಾರ ಹಿಮ್ಮಡಿಯಿಂದ ಇಳಿಯುತ್ತದೆ. ಮೂಟೆ ಹೊರಲು ಒಬ್ಬನಿದ್ದಲ್ಲಿ ಇನ್ನೊಬ್ಬ ಬಂದು ಹೆಗಲು ಕೊಟ್ಟಹಾಗೆ.

ಈಗ ನಿಮ್ಮ ನೋವಿಗೆ ಬರೋಣ. ಬೆಳಿಗ್ಗೆಯ ಮೊದಲ ಹೆಜ್ಜೆಗೆ ಚುಚ್ಚಿ, ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಸಡಿಲವಾಗಿ, ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆ ಕೂತು ಎದ್ದಾಗ ಮತ್ತೆ ಚುಚ್ಚುತ್ತಿದ್ದರೆ ಅದು ಬಹುತೇಕ ಪ್ಲಾಂಟರ್ ಫೇಸಿಯೈಟಿಸ್. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ನಾರಿನ ಪಟ್ಟಿ ಇದೆ, ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ. ಅದು ಮೂಳೆಗೆ ಅಂಟಿಕೊಂಡ ಜಾಗದಲ್ಲಿ ನವೆದಿದೆ. ಒಂದು ಪರೀಕ್ಷೆ ಮಾಡಿ. ಕುರ್ಚಿಯಲ್ಲಿ ಕೂತು ಬಲಗಾಲನ್ನು ಎಡ ತೊಡೆಯ ಮೇಲೆ ಹಾಕಿಕೊಂಡು, ಹಿಮ್ಮಡಿಯ ಮುಂದಿನ ಅಂಚಿನಲ್ಲಿ, ಒಳಮಗ್ಗುಲಿಗೆ, ಅಂದರೆ ಕಮಾನು ಶುರುವಾಗುವ ಕಡೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಅಲ್ಲಿ ಜೀವ ಹೋದ ಹಾಗೆ ನೋಯುತ್ತದೆ, ಹಿಮ್ಮಡಿಯ ನಟ್ಟನಡುವೆ ಒತ್ತಿದರೆ ಅಷ್ಟು ನೋಯಲ್ಲ ಅಂದರೆ ನಾನು ಹೇಳಿದ್ದೇ ಸರಿ.

ನಿಮ್ಮ ಯಜಮಾನರಿಗೂ ಹೀಗೇ ಒತ್ತಿ ನೋಡಿ. ಅವರದ್ದು ಹಿಮ್ಮಡಿಯ ನಡುಮಧ್ಯದಲ್ಲಿ ನೋಯಬಹುದು ಅಂತ ನನ್ನ ಅಂದಾಜು. ಹಿಮ್ಮಡಿ ಮೂಳೆಯ ಕೆಳಗೆ ಕೊಬ್ಬಿನ ಒಂದು ದಿಂಬು ಇರುತ್ತದೆ, ಸಣ್ಣ ಸಣ್ಣ ಕೋಣೆಗಳಲ್ಲಿ ತುಂಬಿಟ್ಟ ಹಾಗೆ. ವಯಸ್ಸಾಗುತ್ತಾ ಅದು ಸವೆಯುತ್ತದೆ, ಅಕ್ಕಪಕ್ಕಕ್ಕೆ ಸರಿಯುತ್ತದೆ. ಅಂಥವರಿಗೆ ಬೆಳಿಗ್ಗೆ ನೋವಿರಲ್ಲ. ಗಟ್ಟಿ ನೆಲದ ಮೇಲೆ ನಿಂತಷ್ಟೂ ಜಾಸ್ತಿಯಾಗುತ್ತಾ ಹೋಗುತ್ತದೆ, ಬರಿಗಾಲಲ್ಲಂತೂ ಇನ್ನೂ ಜಾಸ್ತಿ. ಗ್ರಾನೈಟೋ ಟೈಲ್ಸೋ ಹಾಕಿದ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿ ತನಕ ಬರಿಗಾಲಲ್ಲಿ ನಿಂತರೆ ಆಗುವುದು ಅದೇ ಅಲ್ವಾ.

ಹಾಗಾಗಿ ನಿಮಗೆ ಬೇಕಾದದ್ದು ಆಕಾರ, ಅವರಿಗೆ ಬೇಕಾದದ್ದು ಮೆತ್ತೆ.

ನಿಮ್ಮದನ್ನು ಮೊದಲು ಮುಗಿಸ್ತೀನಿ. ರೆಡಿಮೇಡ್ ಇನ್ಸೋಲ್ ಸಾಕು. ಅಳತೆ ಕೊಟ್ಟು ಮಾಡಿಸುವ ಕೆಲಸ ನನ್ನ ಹೊಟ್ಟೆಪಾಡು, ಆದರೂ ಈ ಮಾತು ಹೇಳಲೇಬೇಕು. ಇದೇ ಹಿಮ್ಮಡಿ ನೋವಿನ ಮೇಲೆ 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ಮಾಡಿಸಿದ ಇನ್ಸೋಲ್, ಕೆಲವರಿಗೆ ರೆಡಿಮೇಡ್, ಇನ್ನು ಕೆಲವರಿಗೆ ಬರೀ ಮೆತ್ತನೆಯ ತೆಳು ಫೋಮ್ ಕೊಟ್ಟು ನೋಡಿದರು. ಮೂರು ತಿಂಗಳ ಹೊತ್ತಿಗೆ ಮೊದಲ ಎರಡು ಗುಂಪಿನವರಿಗೆ ಓಡಾಟ ಸ್ವಲ್ಪ ಸುಲಭವಾಗಿತ್ತು, ಆ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಒಂದು ವರ್ಷ ಕಳೆದ ಮೇಲೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತಿದ್ದವು. ಅಂದರೆ ಇನ್ಸೋಲ್ ಈ ನೋವನ್ನು ವಾಸಿ ಮಾಡಲ್ಲ. ವಾಸಿಯಾಗುವ ತನಕ ನೀವು ನಿಂತು ಪಾಠ ಮಾಡುವ ಹಾಗೆ ಮಾಡುತ್ತದೆ, ಅಷ್ಟೇ. ಅಷ್ಟಕ್ಕೆ ರೆಡಿಮೇಡ್ ಬೆಲೆ ಸಾಕು. ಮಾಡಿಸಿದ್ದಕ್ಕೆ ಅದರ ಹಲವು ಪಟ್ಟು ಕೊಡಬೇಕಾಗುತ್ತದೆ. ಪಾದದ ಆಕಾರ ತೀರಾ ಬೇರೆ ಇದ್ದರೆ, ಎರಡು ಕಾಲಿಗೂ ವ್ಯತ್ಯಾಸ ಇದ್ದರೆ, ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಹೋಗಿದ್ದರೆ ಮಾತ್ರ ಮಾಡಿಸಿ.

ಕೊಳ್ಳುವಾಗ ಏನು ನೋಡಬೇಕು? ಇನ್ಸೋಲ್ ಅನ್ನು ಕೈಯಲ್ಲಿ ಹಿಡಿದು ಕಮಾನಿನ ಉಬ್ಬನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಪೂರಾ ಚಪ್ಪಟೆಯಾದರೆ ಅದು ಉಬ್ಬಿದ ಮೆತ್ತೆ, ಸಪೋರ್ಟ್ ಅಲ್ಲ, ಡಬ್ಬಿ ಮೇಲೆ ಏನೇ ಬರೆದಿರಲಿ. ಬಾಗಬೇಕು, ಆದರೆ ಎದುರು ಒತ್ತಬೇಕು. ಇ.ವಿ.ಎ. ಎಂಬ ಗಟ್ಟಿ ಫೋಮ್ ಅಥವಾ ತೆಳು ಪ್ಲಾಸ್ಟಿಕ್ ಚಿಪ್ಪು ಕೆಳಗಿದ್ದು, ಮೇಲೆ ಎರಡು ಮೂರು ಮಿಲಿಮೀಟರ್ ಮೆತ್ತನೆ ಪದರ ಇದ್ದರೆ ಒಳ್ಳೇದು. ಕಾರ್ಕ್‌ನದ್ದೂ ಚೆನ್ನಾಗಿರುತ್ತದೆ. ಇನ್ನೊಂದು, ಹಿಮ್ಮಡಿ ಕೂರುವ ಜಾಗ ಬಟ್ಟಲಿನ ಹಾಗೆ ಆಳವಾಗಿರಬೇಕು. ಚಪ್ಪಟೆ ಇದ್ದರೆ ಹಿಮ್ಮಡಿ ಅತ್ತಿತ್ತ ಜಾರುತ್ತದೆ, ಆಗ ಕಮಾನಿನ ಉಬ್ಬು ಸರಿಯಾದ ಜಾಗಕ್ಕೆ ಬರುವುದೇ ಇಲ್ಲ.

ಈ ಜಾಗದ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಹೋದ ವರ್ಷ ಒಬ್ಬರು ಗಣಿತದ ಮೇಡಂ ಬಂದಿದ್ದರು, ನಿಮ್ಮದೇ ತರಹದ ನೋವು. ಒಳ್ಳೇ ಗುಣಮಟ್ಟದ ಗಟ್ಟಿ ಇನ್ಸೋಲ್ ಕೊಂಡಿದ್ದರು, ಆದರೆ ಹಾಕಿದರೆ ಕಮಾನಿನಲ್ಲಿ ಗೋಲಿ ಇಟ್ಟ ಹಾಗೆ ಒತ್ತುತ್ತದೆ ಅಂದರು. ಶೂ ಬಿಚ್ಚಿಸಿ ನೋಡಿದೆ. ಶೂ ಜೊತೆ ಬಂದ ಹಳೇ ಇನ್ಸೋಲ್ ತೆಗೆಯದೆ ಅದರ ಮೇಲೇ ಹೊಸದನ್ನು ಇಟ್ಟಿದ್ದರು. ಕಾಲು ಮೇಲೆದ್ದು, ಶೂವಿನ ಹಿಂಭಾಗದಿಂದ ಹಿಮ್ಮಡಿ ಹೊರಜಾರಿ, ಬೆರಳು ಮುಂದೆ ಇಕ್ಕಟ್ಟಾಗಿತ್ತು. ಮೇಲಿಂದ ಒಂದು ನಂಬರ್ ದೊಡ್ಡ ಇನ್ಸೋಲ್ ತಗೊಂಡು ಮುಂದೆ ಕತ್ತರಿಸಿದ್ದರು, ಹಾಗಾಗಿ ಉಬ್ಬು ಬೆರಳ ಕಡೆಗೆ ಸರಿದಿತ್ತು. ಅವರ ಪಾದದ ಮೇಲೆ ಬಾಲ್‌ಪೆನ್ನಿನಿಂದ ಗುರುತು ಹಾಕಿ ನೋಡಿದಾಗ ಇನ್ಸೋಲ್‌ನ ಎತ್ತರದ ಜಾಗ ಇರಬೇಕಾದದ್ದಕ್ಕಿಂತ ಒಂದೂವರೆ ಸೆಂಟಿಮೀಟರ್ ಮುಂದಿತ್ತು. ಸರಿಯಾದ ನಂಬರಿನದ್ದು ತರಿಸಿ, ಹಳೇದನ್ನು ತೆಗೆದು ಹಾಕಿದ ಮೇಲೆ ಗೋಲಿ ಮಾಯ. ನೆನಪಿಡಿ, ಕತ್ತರಿಸಿ ಉದ್ದ ಸರಿ ಮಾಡಬಹುದು, ಉಬ್ಬಿನ ಜಾಗ ಸರಿ ಮಾಡಲಾಗಲ್ಲ.

ಸರಿಯಾದ ಇನ್ಸೋಲ್ ಕೂಡ ಮೊದಲು ಸ್ವಲ್ಪ ಹೊಸದೆನಿಸುತ್ತದೆ. ಮೊದಲ ದಿನ ಒಂದು ಗಂಟೆ, ಮರುದಿನ ಎರಡು, ಹೀಗೆ ಒಂದೆರಡು ವಾರದಲ್ಲಿ ಪೂರ್ತಿ ದಿನಕ್ಕೆ ಬನ್ನಿ. ಕಮಾನಿನಲ್ಲಿ ಏನೋ ತಾಗುತ್ತಿದೆ ಅನ್ನಿಸುವುದು ಸಹಜ. ಒಂದೇ ಬಿಂದುವಿನಲ್ಲಿ ಕೆಂಪಾದರೆ, ಗುಳ್ಳೆ ಎದ್ದರೆ, ಅಥವಾ ಮೊಣಕಾಲು ಹೊಸದಾಗಿ ನೋಯಲು ಶುರುವಾದರೆ ಅದು ನಿಮಗೆ ಹೊಂದಲ್ಲ, ಬಿಟ್ಟುಬಿಡಿ.

ಇನ್ನು ಒಂದು ದೊಡ್ಡ ತೊಡಕು. ನಮ್ಮ ಟೀಚರುಗಳಲ್ಲಿ ಶೂ ಹಾಕುವವರು ಎಷ್ಟು ಜನ? ಸೀರೆಗೆ ಚಪ್ಪಲಿಯೇ. ತೆರೆದ ಚಪ್ಪಲಿಯೊಳಗೆ ಇನ್ಸೋಲ್ ನಿಲ್ಲಲ್ಲ, ಅಂಟಿಸಿದರೂ ಎರಡು ದಿನಕ್ಕೆ ಕಿತ್ತುಬರುತ್ತದೆ. ನಿಮಗೂ ಹಾಗೇ ಆದರೆ ಇನ್ಸೋಲ್ ಬಿಟ್ಟು ಆ ಆಕಾರವೇ ಒಳಗೆ ಇರುವ ಸ್ಯಾಂಡಲ್ ನೋಡಿ: ಹಿಮ್ಮಡಿಗೆ ಬಟ್ಟಲು, ಕಮಾನಿನ ಕೆಳಗೆ ಗಟ್ಟಿ ಉಬ್ಬು, ಹಿಂದೆ ಪಟ್ಟಿ. ಹಿಂದಿನ ಪಟ್ಟಿ ಮುಖ್ಯ, ಅದು ಇಲ್ಲದಿದ್ದರೆ ಚಪ್ಪಲಿ ಬೀಳದಿರಲಿ ಅಂತ ಬೆರಳುಗಳು ದಿನವಿಡೀ ಮಡಚಿ ಹಿಡಿದುಕೊಂಡೇ ಇರುತ್ತವೆ. ಹಿಮ್ಮಡಿ ಮುಂಗಾಲಿಗಿಂತ ಒಂದು ಸೆಂಟಿಮೀಟರ್‌ನಷ್ಟು ಎತ್ತರ ಇರಲಿ, ಅದು ಮೀನಖಂಡದ ಎಳೆತ ತಗ್ಗಿಸುತ್ತದೆ. ಪೂರ್ತಿ ಚಪ್ಪಟೆ ಚಪ್ಪಲಿ ಈ ನೋವಿಗೆ ಬೇಡ. ಎರಡೂ ಕೈಯಲ್ಲಿ ಹಿಡಿದು ಬಟ್ಟೆ ಹಿಂಡಿದ ಹಾಗೆ ತಿರುಚಿ ನೋಡಿ. ನಡುವೆ ಸುಲಭವಾಗಿ ತಿರುಚಿಕೊಂಡರೆ ಅಲ್ಲಿ ಸಪೋರ್ಟ್ ಇಲ್ಲ. ಕೊಳ್ಳಲು ಸಂಜೆ ಹೋಗಿ, ನಿಂತು ನಿಂತು ಕಾಲು ಊದಿರುವ ಹೊತ್ತಲ್ಲೇ ಅಳತೆ ನಿಜವಾಗಿ ಗೊತ್ತಾಗುವುದು. ಮನೆಯೊಳಗೂ ಇಂಥದ್ದೇ ಇನ್ನೊಂದು ಜೊತೆ ಇಟ್ಟುಕೊಳ್ಳಿ, ಹಾಸಿಗೆ ಪಕ್ಕದಲ್ಲೇ. ಬೆಳಿಗ್ಗೆ ಆ ಮೊದಲ ಹೆಜ್ಜೆ ಬರಿ ನೆಲಕ್ಕೆ ಬೀಳದಿರಲಿ.

ಆ ಹೆಜ್ಜೆ ಇಡುವ ಮೊದಲೇ ಮಾಡುವ ಒಂದು ಕೆಲಸ ಇದೆ. ಕೂತಲ್ಲೇ ಕಾಲನ್ನು ತೊಡೆಯ ಮೇಲೆ ಹಾಕಿ, ಕೈಯಿಂದ ಐದೂ ಬೆರಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಅಂಗಾಲಿನಲ್ಲಿ ಆ ನಾರಿನ ಪಟ್ಟಿ ತಂತಿಯ ಹಾಗೆ ಬಿಗಿಯಾಗುವುದು ಇನ್ನೊಂದು ಕೈಗೆ ಸಿಗುತ್ತದೆ, ಸಿಗದಿದ್ದರೆ ಸರಿಯಾಗಿ ಎಳೆದಿಲ್ಲ ಅಂತ. ಹತ್ತು ಸೆಕೆಂಡ್, ಹತ್ತು ಸಲ. ದಿನಕ್ಕೆ ಮೂರು ಹೊತ್ತು. ನೋವು ಸ್ವಲ್ಪ ಇಳಿದ ಮೇಲೆ, ಮೆಟ್ಟಿಲ ಅಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಂಡು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ: ಮೂರು ಸೆಕೆಂಡ್ ಏರಲು, ಎರಡು ಸೆಕೆಂಡ್ ಮೇಲೆ ನಿಲ್ಲಲು, ಮೂರು ಸೆಕೆಂಡ್ ಇಳಿಯಲು. ಹನ್ನೆರಡು ಸಲ, ದಿನ ಬಿಟ್ಟು ದಿನ. ಗಣಿತದ ಮೇಡಂಗೆ ಬೆಳಗಿನ ಚುಚ್ಚು ಅರ್ಧಕ್ಕೆ ಇಳಿಯಲು ಆರು ವಾರ ಬೇಕಾಯಿತು. ಒಂದು ವಾರಕ್ಕೆ ಬಿಟ್ಟುಬಿಡುವವರೇ ಜಾಸ್ತಿ, ಆಮೇಲೆ ಇನ್ಸೋಲ್ ಸರಿಯಿಲ್ಲ ಅಂತ ಇನ್ನೊಂದು ಕೊಳ್ಳುತ್ತಾರೆ.

ಈಗ ನಿಮ್ಮ ಯಜಮಾನರು. ಅವರು ಅಂಗಡಿಯೊಳಗೆ ಚಪ್ಪಲಿ ಹಾಕಲ್ಲ ಅಂದಿರಿ, ಎಷ್ಟೋ ಅಂಗಡಿಗಳಲ್ಲಿ ಹಾಗೇ. ಗಲ್ಲಾಪೆಟ್ಟಿಗೆ ಮೇಲೆ ಲಕ್ಷ್ಮಿ ಫೋಟೋ, ತಕ್ಕಡಿ ಮುಂದೆ ಚಪ್ಪಲಿ ಬೇಡ ಅನ್ನುವ ಭಾವನೆ. ಅದನ್ನು ಬದಲಿಸಿ ಅಂತ ನಾನು ಹೇಳಲ್ಲ. ಆದರೆ ಬರಿಗಾಲಿಗೆ ಇನ್ಸೋಲ್ ತೊಡಿಸಲು ಬರುವುದಿಲ್ಲ, ಆದ್ದರಿಂದ ಮೆತ್ತೆಯನ್ನು ನೆಲಕ್ಕೇ ಹಾಸಬೇಕು. ಎಷ್ಟೋ ಅಂಗಡಿಯವರು ಇದನ್ನು ತಾವೇ ಕಂಡುಕೊಂಡಿದ್ದಾರೆ. ನಿಲ್ಲುವ ಜಾಗದಲ್ಲಿ ಬಿಸ್ಕೆಟ್ ಬಾಕ್ಸಿನ ರಟ್ಟು ಎರಡು ಮೂರು ಪದರ ಹಾಕಿಕೊಂಡಿರುತ್ತಾರೆ, ಅದರ ಮೇಲೆ ಎರಡು ಹಿಮ್ಮಡಿಯ ಗುಂಡಿ ಕಾಣುತ್ತಿರುತ್ತದೆ. ಯೋಚನೆ ಸರಿ, ರಟ್ಟು ಬೇಗ ಸಾಯುತ್ತದೆ ಅಷ್ಟೇ.

ಅದರ ಬದಲು ನಿಂತು ಕೆಲಸ ಮಾಡುವವರಿಗೆಂದೇ ಬರುವ ರಬ್ಬರ್ ಅಥವಾ ಪಿ.ಯು. ಫೋಮ್ ಮ್ಯಾಟ್ ಹಾಕಿ. ದಪ್ಪ 15ರಿಂದ 20 ಮಿಲಿಮೀಟರ್ ಇರಲಿ. ಅದರ ಮೇಲೆ ಒಂದೇ ಹಿಮ್ಮಡಿಯಲ್ಲಿ ಪೂರ್ತಿ ಭಾರ ಹಾಕಿ ನಿಂತಾಗ ಕೆಳಗಿನ ನೆಲ ತಾಗಿದ ಹಾಗಾದರೆ ಅದು ಸಾಲದು, ಕಾಲು ಹೂತು ಓಲಾಡಿದರೆ ಅದು ಅತಿ ಮೆತ್ತಗಾಯಿತು. ಜಿಮ್‌ನಲ್ಲಿ ಹಾಸುವ ಕಪ್ಪು ರಬ್ಬರ್ ಇದಕ್ಕೆ ತೀರಾ ಗಟ್ಟಿ. ಮಕ್ಕಳ ಬಣ್ಣದ ಜೋಡಿಸುವ ಮ್ಯಾಟ್ ಕಡಿಮೆ ಬೆಲೆಗೆ ಸಿಗುತ್ತದೆ, ಪರೀಕ್ಷೆಗೆ ಅಂತ ಹಾಕಿ ನೋಡಬಹುದು, ಆದರೆ ಕೆಲವು ತಿಂಗಳಿಗೆ ಗುಂಡಿ ಬೀಳುತ್ತದೆ. ಅಂಚು ಇಳಿಜಾರಾಗಿರಲಿ, ಇಲ್ಲದಿದ್ದರೆ ಸಕ್ಕರೆ ಮೂಟೆ ಹೊತ್ತು ಬರುವಾಗ ಎಡವುತ್ತಾರೆ. ಎಣ್ಣೆ ಅಳೆಯುವ ಜಾಗದಲ್ಲಿ ಜಾರದ ಮೇಲ್ಮೈ ನೋಡಿ ತಗೊಳ್ಳಿ, ದಿನಾ ಒರೆಸಿ.

ಅವರು ಒಪ್ಪುವುದಾದರೆ ಇನ್ನೊಂದು ದಾರಿ ಇದೆ: ಅಂಗಡಿಯೊಳಗಷ್ಟೇ ಬಳಸುವ, ಹೊರಗಿನ ಮಣ್ಣೇ ಮುಟ್ಟದ ಒಂದು ಜೊತೆ ಎಂ.ಸಿ.ಆರ್. ಚಪ್ಪಲಿ. ಮೈಕ್ರೋಸೆಲ್ಯುಲರ್ ರಬ್ಬರ್ ಅಂತ. ಕುಷ್ಠರೋಗದಿಂದ ಅಂಗಾಲಿನ ಸ್ಪರ್ಶ ಕಳೆದುಕೊಂಡವರ ಕಾಲಿಗೆ ಹುಣ್ಣಾಗದಿರಲಿ ಅಂತ ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಬಳಕೆಗೆ ಬಂದ ರಬ್ಬರ್ ಅದು, ಈಗ ಸಕ್ಕರೆ ಕಾಯಿಲೆಯವರಿಗೂ ಅದನ್ನೇ ಕೊಡುತ್ತೇವೆ. ಉಗುರಿನಿಂದ ಒತ್ತಿದರೆ ಒಳಗೆ ಹೋಗಿ, ಬಿಟ್ಟ ಕೂಡಲೇ ಎದ್ದು ಬರಬೇಕು. ಒತ್ತಿದ ಗುರುತು ಅಲ್ಲೇ ಉಳಿದರೆ ಹೆಸರಿಗಷ್ಟೇ ಎಂ.ಸಿ.ಆರ್. ಹೊರಗೆ ಓಡಾಡುವಾಗ ಶೂ ಹಾಕುವುದಾದರೆ ಅದರಲ್ಲಿ ಸಿಲಿಕೋನ್ ಜೆಲ್‌ನ ಹಿಮ್ಮಡಿ ಬಟ್ಟಲು ಇಡಬಹುದು. ನೀವು ಕೇಳಿದ ಜೆಲ್‌ಗೆ ಸರಿಯಾದ ಜಾಗ ಇದು. ಚಪ್ಪಟೆ ಬಿಲ್ಲೆ ಬೇಡ, ಸುತ್ತ ಗೋಡೆ ಇರುವ ಬಟ್ಟಲು ಬೇಕು. ಆ ಗೋಡೆ ಅಕ್ಕಪಕ್ಕಕ್ಕೆ ಹರಡುವ ಕೊಬ್ಬನ್ನು ಒಟ್ಟುಮಾಡಿ ಮೂಳೆಯ ಕೆಳಗೇ ಹಿಡಿದಿಡುತ್ತದೆ. ಎರಡೂ ಕಾಲಿಗೂ ಹಾಕಲಿ, ಒಂದಕ್ಕೇ ಹಾಕಿದರೆ ಒಂದು ಕಾಲು ಎತ್ತರವಾಗುತ್ತದೆ. ಬಿಸಿಲಿಗೆ ಜೆಲ್ ಒಳಗೆ ಬೆವರು ಜಾಸ್ತಿ, ರಾತ್ರಿ ತೊಳೆದು ಒಣಗಿಸಿ ಇಡಲಿ.

ಅಂಗಡಿಯವರಿಗೆ ಇನ್ನೊಂದು ಕಷ್ಟ, ಟೀಚರಿನ ಹಾಗೆ ಬೆಂಚುಗಳ ನಡುವೆ ಓಡಾಟವೂ ಇಲ್ಲ. ಮೀನಖಂಡ ಹಿಂಡಿದಾಗಲೇ ಕಾಲಿನ ರಕ್ತ ಮೇಲಕ್ಕೆ ಹೋಗುವುದು. ನಿಂತಲ್ಲೇ ನಿಂತರೆ ಆ ಹಿಂಡುವಿಕೆ ಇಲ್ಲ, ಸಂಜೆಗೆ ಕಾಲು ಭಾರ, ಪಾದ ಊತ. ಇದನ್ನು ಯಾವ ಮೆತ್ತೆಯೂ ಸರಿ ಮಾಡಲ್ಲ. ಕೌಂಟರ್ ಕೆಳಗೆ 10-15 ಸೆಂಟಿಮೀಟರ್ ಎತ್ತರದ ಮರದ ತುಂಡು ಇಟ್ಟು ಒಂದಾದ ಮೇಲೆ ಒಂದು ಕಾಲನ್ನು ಅದರ ಮೇಲೆ ಇಡಲಿ, ಗಿರಾಕಿ ಇಲ್ಲದಾಗ ಎತ್ತರದ ಸ್ಟೂಲಿನ ಮೇಲೆ ಒರಗಿ ಕೂರಲಿ, ಸಾಮಾನು ಕಟ್ಟುವಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸಲಿ.

ಒಂದು ವಿಷಯ ಮಾತ್ರ ತಪ್ಪದೆ ನೋಡಿ. ಅವರಿಗೆ ಸಕ್ಕರೆ ಕಾಯಿಲೆ ಇದೆಯಾ? ರಾತ್ರಿ ಅಂಗಾಲು ಉರಿ, ಜೋಮು, ಚಪ್ಪಲಿ ಕಾಲಿಂದ ಕಳಚಿದ್ದೇ ಗೊತ್ತಾಗದಿರುವುದು, ಇವು ಇದ್ದರೆ ಇನ್ಸೋಲ್, ಮ್ಯಾಟ್ ಎಲ್ಲಾ ಆಮೇಲೆ. ಮೊದಲು ಡಾಕ್ಟರ ಹತ್ತಿರ ಹೋಗಿ ಸ್ಪರ್ಶದ ಪರೀಕ್ಷೆ ಮಾಡಿಸಲಿ, ತೆಳ್ಳನೆಯ ನೈಲಾನ್ ಎಳೆ ಅಂಗಾಲಿಗೆ ತಾಗಿಸಿ ನೋಡುತ್ತಾರೆ, ಎರಡು ನಿಮಿಷದ ಕೆಲಸ. ಸ್ಪರ್ಶ ಕಡಿಮೆ ಇರುವ ಕಾಲಿಗೆ ಗಟ್ಟಿ ಆರ್ಚ್ ಸಪೋರ್ಟ್ ಕೊಂಡು ಹಾಕಿದರೆ ಅದು ಒತ್ತಿ ಹುಣ್ಣಾದರೂ ಗೊತ್ತಾಗಲ್ಲ. ಬರಿಗಾಲಲ್ಲಿ ನಿಲ್ಲುವುದನ್ನೂ ಅಂಥವರು ಬಿಡಲೇಬೇಕು.

ನಿಮಗೂ ಅಷ್ಟೇ. ಹಿಮ್ಮಡಿಯನ್ನು ಎರಡೂ ಮಗ್ಗುಲಿಂದ ಅಂಗೈಯಲ್ಲಿ ಹಿಂಡಿದಾಗ ತಡೆಯಲಾಗದಷ್ಟು ನೋವಾದರೆ, ಮಲಗಿದ್ದಾಗಲೂ ನೋವಿದ್ದರೆ, ಅಥವಾ ಒಳಗಣಕಾಲಿನ ಹಿಂದೆ ಊದಿಕೊಂಡು ಒಂಟಿಕಾಲಲ್ಲಿ ಹಿಮ್ಮಡಿ ಎತ್ತಲು ಆಗದಿದ್ದರೆ ಅದು ನಾನು ಹೇಳಿದ ನೋವಲ್ಲ. ಮೂಳೆಯಲ್ಲಿ ಬಿರುಕೋ, ಸ್ನಾಯುರಜ್ಜು ಸೋತಿರುವುದೋ ಇರಬಹುದು, ಮೂಳೆ ಡಾಕ್ಟರಿಗೆ ತೋರಿಸಿ.

ಆ ಎರಡು ಜೊತೆ ಮೆಮೊರಿ ಫೋಮ್ ಎಸೆಯಬೇಡಿ. ಗಟ್ಟಿ ಇನ್ಸೋಲ್ ತಂದ ದಿನ ಹಳೇದನ್ನು ಟೇಬಲ್ ಮೇಲೆ ಪಕ್ಕದಲ್ಲಿ ಇಟ್ಟು, ಎರಡರ ಹಿಮ್ಮಡಿ ಭಾಗವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಆ ವ್ಯತ್ಯಾಸ ಬೆರಳಿಗೆ ನೆನಪಿರಲಿ. ಪ್ರತಿ ಎರಡು ತಿಂಗಳಿಗೊಮ್ಮೆ ಹೊಸದನ್ನೂ ಹಾಗೇ ಒತ್ತಿ, ಕೆಳಗಿನ ಟೇಬಲ್ ಬೆರಳಿಗೆ ಸಿಕ್ಕ ದಿನ ಅದನ್ನು ಬದಲಿಸಿ. ದಿನವಿಡೀ ನಿಲ್ಲುವವರಿಗೆ ಸಾಮಾನ್ಯವಾಗಿ ಅದು ಆರು ತಿಂಗಳಿಂದ ಒಂದು ವರ್ಷದೊಳಗೆ ಬರುತ್ತದೆ.